ಪೊಳ್ಳು ಬ್ಲಾಕಿನ ಗೋಡೆಗೆ ಎಷ್ಟು ಗ್ರೌಟ್, ಎಷ್ಟು ಕಂಬಿ?

ಎರಡು ಪೊಳ್ಳುಗಳಿರುವ ಕಾಂಕ್ರೀಟ್ ಬ್ಲಾಕನ್ನು ಹಾಲೋ ಬ್ಲಾಕ್ ಎನ್ನುತ್ತಾರೆ. ಇವನ್ನು ಗಾರೆ ಹಾಕಿ ಒಂದರ ಮೇಲೊಂದು ಕಟ್ಟಿದ ಗೋಡೆ ಮೇಲಿನಿಂದ ಬರುವ ಭಾರವನ್ನು ಚೆನ್ನಾಗಿಯೇ ಹೊರುತ್ತದೆ. ಆದರೆ ಭೂಕಂಪವೋ ಬಿರುಗಾಳಿಯೋ ಪಕ್ಕದಿಂದ ನೂಕಿದರೆ ಗೋಡೆ ಬಾಗುತ್ತದೆ, ಅದರ ಒಂದು ಮೈ ಎಳೆತಕ್ಕೆ ಸಿಕ್ಕಿ ಗಾರೆಯ ಸಂದಿನಲ್ಲಿ ಬಾಯಿ ಬಿಡುತ್ತದೆ. ಈ ಎಳೆತವನ್ನು ತಡೆಯಲು ಆಯ್ದ ಪೊಳ್ಳುಗಳಲ್ಲಿ ಉದ್ದಕಂಬಿ ನಿಲ್ಲಿಸಿ, ಸುತ್ತಲೂ ತೆಳುವಾದ ಕಾಂಕ್ರೀಟ್ ಸುರಿಯುತ್ತಾರೆ. ಆ ಕಾಂಕ್ರೀಟೇ ಗ್ರೌಟ್. ಅದು ಕಂಬಿಯನ್ನೂ ಬ್ಲಾಕನ್ನೂ ಬೆಸೆಯದಿದ್ದರೆ ಒಳಗಿನ ಕಂಬಿ ಇದ್ದೂ ಇಲ್ಲದಂತೆ.

ಬ್ಲಾಕ್ ಕೊಳ್ಳುವಾಗ ನೋಡಬೇಕಾದದ್ದು ಒಂದಿದೆ. ಮಾರುಕಟ್ಟೆಯಲ್ಲಿ ಪೊಳ್ಳಿನ ಒಂದು ತುದಿ ಮುಚ್ಚಿರುವ ಬ್ಲಾಕುಗಳೂ ಸಿಗುತ್ತವೆ. ಗಾರೆ ಹರಡಲು ಅವು ಸಲೀಸು, ಈ ಕೆಲಸಕ್ಕೆ ಮಾತ್ರ ನಿಷ್ಪ್ರಯೋಜಕ. ಪೊಳ್ಳು ಮೇಲಿಂದ ಕೆಳಗೆ ಆರಪಾರ ತೆರೆದಿರಬೇಕು.

ಲೆಕ್ಕಕ್ಕೆ 4 ಮೀಟರ್ ಉದ್ದ, 3 ಮೀಟರ್ ಎತ್ತರದ, ಬಾಗಿಲು ಕಿಟಕಿಗಳಿಲ್ಲದ ಒಂದು ಗೋಡೆಯನ್ನು ತೆಗೆದುಕೊಳ್ಳಬಹುದು. ಬ್ಲಾಕಿನ ಅಳತೆ 390 × 190 × 190 ಮಿ.ಮೀ. ಸಂದಿನ ಗಾರೆ ಸೇರಿದರೆ ಉದ್ದ 400, ಎತ್ತರ 200 ಆಗುತ್ತದೆ. ಹಾಗಾಗಿ ಒಂದು ವರಸೆಗೆ 10 ಬ್ಲಾಕಿನಂತೆ 15 ವರಸೆಗೆ 150 ಬ್ಲಾಕ್ ಬೇಕು, ಗೋಡೆಯ ಉದ್ದಕ್ಕೆ 20 ಪೊಳ್ಳುಗಳು ಬರುತ್ತವೆ. ಎರಡು ತುದಿಗಳಲ್ಲಿ ಒಂದೊಂದು, ನಡುವೆ ಸುಮಾರು 80 ಸೆಂ.ಮೀ.ಗೊಂದರಂತೆ ನಾಲ್ಕು, ಒಟ್ಟು 6 ಪೊಳ್ಳುಗಳಿಗೆ ಕಂಬಿ ಬೀಳುತ್ತದೆ ಎಂದುಕೊಳ್ಳೋಣ. ಕಂಬಿಯ ದಪ್ಪ ಮತ್ತು ಅಂತರವನ್ನು ತೀರ್ಮಾನಿಸಬೇಕಾದವರು ಎಂಜಿನಿಯರು. ಇಲ್ಲಿರುವುದು ಸಾಮಾನು ಎಷ್ಟು ಬೇಕು ಎಂಬ ಲೆಕ್ಕ ಮಾತ್ರ.

ಪೊಳ್ಳಿನ ಬಾಯಿ 140 × 120 ಮಿ.ಮೀ. ಇದ್ದರೆ ಅದರ ವಿಸ್ತೀರ್ಣ 0.0168 ಚದರ ಮೀಟರ್. ಎತ್ತರ 3 ಮೀಟರಿನಿಂದ ಗುಣಿಸಿದರೆ ಒಂದು ಪೊಳ್ಳಿಗೆ 50 ಲೀಟರ್ ಗ್ರೌಟ್, ಆರಕ್ಕೆ 300 ಲೀಟರ್. ಚೆಲ್ಲಿದ್ದು, ಸಂದಿಗೆ ಹರಿದದ್ದು ಎಂದು ನೂರಕ್ಕೆ ಹತ್ತು ಸೇರಿಸಿದರೆ 330 ಲೀಟರ್, ಅಂದರೆ 0.33 ಘನ ಮೀಟರ್. ಇಪ್ಪತ್ತೂ ಪೊಳ್ಳು ತುಂಬಿಸಿದ್ದರೆ 1.1 ಘನ ಮೀಟರ್ ಬೇಕಾಗುತ್ತಿತ್ತು. ‘ಇರಲಿ, ಎಲ್ಲಕ್ಕೂ ತುಂಬಿಬಿಡಿ’ ಎನ್ನುವ ಮಾಲೀಕರು ಮೂರು ಪಟ್ಟು ಗ್ರೌಟಿಗೆ ಹಣ ತೆರುವುದಷ್ಟೇ ಅಲ್ಲ, ಪಾಯದ ಮೇಲೆ ಒಂದೂವರೆ ಟನ್ನಿಗೂ ಹೆಚ್ಚು ಭಾರ ಹೇರುತ್ತಾರೆ. ಬ್ಲಾಕ್ ಮಾಡುವವರ ಅಚ್ಚು ಬದಲಾದರೆ ಪೊಳ್ಳೂ ಬದಲಾಗುತ್ತದೆ. ಆದ್ದರಿಂದ ತಂದ ಬ್ಲಾಕನ್ನೇ ಟೇಪ್ ಹಿಡಿದು ಅಳೆಯಬೇಕು.

ಕಂಬಿಯ ತೂಕಕ್ಕೆ ಕಟ್ಟಡದವರ ಹಳೆಯ ಸೂತ್ರವೇ ಸಾಕು: ಮಿಲಿಮೀಟರಿನಲ್ಲಿರುವ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಬರುತ್ತದೆ. 12 ಮಿ.ಮೀ. ಕಂಬಿಗೆ ಅದು 0.89. ಉದ್ದ ಮಾತ್ರ ಬರೀ ಗೋಡೆಯ ಎತ್ತರವಲ್ಲ. ಪಾಯದಿಂದ ಮೊದಲೇ ಒಂದು ಮೋಟುಕಂಬಿ ಎದ್ದು ನಿಂತಿರುತ್ತದೆ. ಅದರ 45 ಸೆಂ.ಮೀ. ಪಾಯದೊಳಗೆ, 60 ಸೆಂ.ಮೀ. ಮೇಲಕ್ಕೆ. ಉದ್ದಕಂಬಿ ಇದರ ಪಕ್ಕದಲ್ಲಿ ನಿಂತು ಗೋಡೆಯ 3 ಮೀಟರ್ ದಾಟಿ 45 ಸೆಂ.ಮೀ. ಚಾವಣಿಯೊಳಕ್ಕೆ ಹೋಗುತ್ತದೆ. ಒಂದು ಪೊಳ್ಳಿಗೆ ಒಟ್ಟು ನಾಲ್ಕೂವರೆ ಮೀಟರ್, ಆರಕ್ಕೆ 27 ಮೀಟರ್, ತೂಕ 24 ಕಿಲೋ. ಗೋಡೆಯ ಎತ್ತರವನ್ನಷ್ಟೇ ಹಿಡಿದವರಿಗೆ 16 ಕಿಲೋ ಬರುತ್ತದೆ. ಮೂರನೇ ಒಂದು ಪಾಲು ಕೊರತೆ.

ಗ್ರೌಟಿಗೆ ಒಂದು ಪಾಲು ಸಿಮೆಂಟ್, ಮೂರು ಪಾಲು ಮರಳು, ಎರಡು ಪಾಲು 10 ಮಿ.ಮೀ. ಒಳಗಿನ ಸಣ್ಣ ಜೆಲ್ಲಿ ಹಾಕಬಹುದು. ಈ ಗೋಡೆಗೆ ಸುಮಾರು ಎರಡೂವರೆ ಮೂಟೆ ಸಿಮೆಂಟ್ ಹಿಡಿಯುತ್ತದೆ. ಚಾವಣಿಯ ಕಾಂಕ್ರೀಟಿಗೆ ಇಷ್ಟು ನೀರು ಹಾಕಿದರೆ ಮೇಸ್ತ್ರಿ ಬೈಯುವಷ್ಟು ತೆಳುವಾಗಿ ಇದನ್ನು ಕಲಸಬೇಕು. ಒಣ ಬ್ಲಾಕ್ ಹೆಚ್ಚಿನ ನೀರನ್ನು ಹೀರಿಕೊಳ್ಳುತ್ತದೆ. ಗಟ್ಟಿಯಾಗಿ ಕಲಸಿದ್ದು ಕಂಬಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡು ಕೆಳಗೆ ಖಾಲಿ ಬಿಡುತ್ತದೆ.

ಕಟ್ಟುವಾಗ ಉದುರಿದ ಗಾರೆ ಪೊಳ್ಳಿನ ತಳದಲ್ಲಿ ಗುಡ್ಡೆಯಾಗುತ್ತದೆ, ಸಂದುಗಳಿಂದ ಒಳಕ್ಕೆ ಚಾಚಿ ದಾರಿ ಕಟ್ಟುತ್ತದೆ. ಅದಕ್ಕೇ ಮೊದಲ ವರಸೆಯಲ್ಲಿ ಕಂಬಿ ಬರುವ ಪ್ರತಿ ಪೊಳ್ಳಿಗೂ ಒಂದು ಕಿಂಡಿ ಬಿಡುತ್ತಾರೆ. ಗೋಡೆ ಎದ್ದ ಮೇಲೆ ಕಸವನ್ನು ಕಿಂಡಿಯಿಂದ ತೆಗೆದು, ಮೇಲಿನಿಂದ ಕಂಬಿ ಇಳಿಸಿ, ಕಿಂಡಿಯಲ್ಲೇ ಕೈ ಹಾಕಿ ಮೋಟುಕಂಬಿಗೆ ತಂತಿ ಬಿಗಿದು, ಬಾಯಿ ಮುಚ್ಚಬೇಕು. ಗಾರೆ ಗಟ್ಟಿಯಾಗುವ ಮೊದಲೇ ಸುರಿದರೆ ಗ್ರೌಟಿನ ಒತ್ತಡಕ್ಕೆ ಬ್ಲಾಕಿನ ಮೈ ಒಡೆದು ಹೊರಬರಬಹುದು. ಒಂದು ಸಲಕ್ಕೆ ಒಂದೂವರೆ ಮೀಟರ್ ಸುರಿದು ಸರಳಿನಿಂದ ಕುಟ್ಟಿ, ನೀರು ಇಂಗಿ ಮಟ್ಟ ಕುಸಿದ ಮೇಲೆ ಮತ್ತೊಮ್ಮೆ ಕುಟ್ಟಿ, ಆಮೇಲೆ ಉಳಿದರ್ಧ ಸುರಿಯುವುದು ಸುರಕ್ಷಿತ.

ಮೇಲೆ ಮಾಡಿದ ಲೆಕ್ಕ ಈಗ ತಪಾಸಣೆಗೂ ಒದಗುತ್ತದೆ. 20 ಲೀಟರಿನ ಬಕೆಟ್‌ನಲ್ಲಿ ಸುರಿದರೆ ಒಂದು ಪೊಳ್ಳಿಗೆ ಕನಿಷ್ಠ ಎರಡೂವರೆ ಬಕೆಟ್ ಹಿಡಿಯಲೇಬೇಕು. ಎರಡಕ್ಕೇ ತುಂಬಿ ಬಂದರೆ ಎಲ್ಲೋ ಹತ್ತು ಲೀಟರಿನಷ್ಟು, ಅಂದರೆ ಸುಮಾರು 60 ಸೆಂ.ಮೀ. ಉದ್ದಕ್ಕೆ, ಖಾಲಿ ಉಳಿದಿದೆ. ಮರುದಿನ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಖಾಲಿ ಇರುವಲ್ಲಿ ಸದ್ದು ಡೊಳ್ಳಾಗುತ್ತದೆ. ಅಲ್ಲಿ ಬ್ಲಾಕಿನ ಮೈಯನ್ನು ಕೊರೆದು, ಪಕ್ಕದಿಂದ ಗ್ರೌಟ್ ತುಂಬಿ ಮುಚ್ಚಬೇಕು.