ಗೃಹಸಾಲಕ್ಕೆ ಮುನ್ನ ಕೈಯಲ್ಲಿ ಎಷ್ಟು ಹಣವಿರಬೇಕು?

ಮೊದಲ ಮನೆ ಕೊಳ್ಳುವವರಲ್ಲಿ ಹೆಚ್ಚಿನವರು ಕೇಳುವುದು ಬಡ್ಡಿ ಎಷ್ಟು ಎಂದು. ಅದಕ್ಕಿಂತ ಮೊದಲು ಕೈಯಿಂದ ಎಷ್ಟು ಹಾಕಬೇಕೆಂಬುದನ್ನು ಲೆಕ್ಕ ಹಾಕಬೇಕು. ಅನೇಕ ಖರೀದಿಗಳು ಕುಸಿಯುವುದು ಅಲ್ಲೇ.

ಬೆಂಗಳೂರಿನಲ್ಲಿ 60 ಲಕ್ಷದ ಸಿದ್ಧ ಫ್ಲ್ಯಾಟ್ ಒಂದನ್ನು ನೋಡಿದಿರಿ ಎನ್ನೋಣ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಸಾಲ ಮನೆಯ ಮೌಲ್ಯದ ಶೇ 80ನ್ನು ದಾಟುವಂತಿಲ್ಲ. ಅಂದರೆ ಹೆಚ್ಚೆಂದರೆ 48 ಲಕ್ಷ. ಇದು ಮಿತಿಯೇ ಹೊರತು ಭರವಸೆಯಲ್ಲ. ಬ್ಯಾಂಕಿನ ಮೌಲ್ಯಮಾಪಕರು ಮನೆಗೆ ಕಡಿಮೆ ಬೆಲೆ ಕಟ್ಟಿದರೆ ಸಾಲವೂ ಇಳಿಯುತ್ತದೆ. ಮುದ್ರಾಂಕ, ನೋಂದಣಿ ಶುಲ್ಕಗಳು ಈ ಮೌಲ್ಯಕ್ಕೆ ಸೇರುವುದಿಲ್ಲ. ನಗರದಲ್ಲಿ ಸೆಸ್, ಸರ್‌ಚಾರ್ಜ್ ಸೇರಿ ಮುದ್ರಾಂಕ ಶೇ 5.6, ನೋಂದಣಿ ಶೇ 2 ಎಂದು ಹಿಡಿದರೆ ಅದೇ 4.56 ಲಕ್ಷ.

ಇನ್ನು ಸಂಬಳದ ಲೆಕ್ಕ. ಕೈಗೆ ಬರುವುದು 90,000, ಕಾರಿನ ಕಂತು 8,000 ಇದೆ. ಎಲ್ಲ ಕಂತುಗಳೂ ಸೇರಿ ಸಂಬಳದ ಅರ್ಧ ಮೀರಬಾರದೆಂದು ಬ್ಯಾಂಕ್ ಹೇಳಿದರೆ (ಈ ಪ್ರಮಾಣ ಒಂದೊಂದು ಬ್ಯಾಂಕಿನಲ್ಲಿ ಒಂದೊಂದು) ಮನೆಸಾಲಕ್ಕೆ ಉಳಿಯುವುದು 37,000. ಶೇ 8.5ರ ಬಡ್ಡಿ, 20 ವರ್ಷದ ಅವಧಿಗೆ ಆ ಕಂತಿನಲ್ಲಿ ಸಿಗುವುದು ಸುಮಾರು 42.6 ಲಕ್ಷ. ಈಗ ಕೈಯಿಂದ ಹಾಕಬೇಕಾದ್ದು ಸುಮಾರು 22 ಲಕ್ಷವಾಯಿತು. ಕಾರಿನ ಸಾಲ ಮುಗಿಸಿ ಅರ್ಜಿ ಹಾಕಿದ್ದರೆ ಐದು ಲಕ್ಷದಷ್ಟು ಕಡಿಮೆ ಸಾಕಿತ್ತು.

ಶೇ 8.5 ಎಂಬುದು ಉದಾಹರಣೆ ಮಾತ್ರ. ಬ್ಯಾಂಕುಗಳ ಫ್ಲೋಟಿಂಗ್ ದರ ಬಹುತೇಕ ರೆಪೊ ದರದ ಜೊತೆ ಏರಿಳಿಯುತ್ತದೆ. ಆರಂಭದಲ್ಲೇ ಅದು ಶೇ 9.5 ಆಗಿ, ಕಂತು ಮಾತ್ರ ಹಾಗೇ ಉಳಿದರೆ 20 ವರ್ಷದ ಸಾಲ 25 ವರ್ಷವನ್ನೂ ಮೀರಿ ಎಳೆಯುತ್ತದೆ. ಕಂತು ಬದಲಾಗದ್ದರಿಂದ ಎಷ್ಟೋ ಜನರಿಗೆ ಇದು ಗೊತ್ತೇ ಆಗುವುದಿಲ್ಲ. ದರ ಬದಲಾದಾಗ ಕಂತು ಹೆಚ್ಚಿಸುವ ಆಯ್ಕೆಯನ್ನೂ ಬ್ಯಾಂಕ್ ಕೊಡಬೇಕು. ಸುಮಾರು 2,700 ರೂಪಾಯಿ ಹೆಚ್ಚು ಕಟ್ಟಲು ಸಾಧ್ಯವಿದ್ದರೆ ಅವಧಿ 20 ವರ್ಷದಲ್ಲೇ ನಿಲ್ಲುತ್ತದೆ. ಫ್ಲೋಟಿಂಗ್ ದರದ ಸಾಲವನ್ನು ವ್ಯಕ್ತಿಗಳು ಮುಂಚಿತವಾಗಿ ತೀರಿಸಿದರೆ ದಂಡವಿಲ್ಲ.

ಪ್ರೊಸೆಸಿಂಗ್ ಫೀ, ಕಾನೂನು ಪರಿಶೀಲನೆ, ಮೌಲ್ಯಮಾಪನ, ಇವುಗಳ ಮೇಲಿನ ಜಿಎಸ್‌ಟಿ ಬೇರೆ. ಸಾಲ ಮಂಜೂರಾಗದಿದ್ದರೂ ಇವು ವಾಪಸ್ ಬಾರದಿರಬಹುದು. ಬಾಯಿಮಾತಿನ ದರ ನಂಬಬೇಡಿ, ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೇಳಿ ಪಡೆಯಿರಿ. ಬಡ್ಡಿಯ ಜೊತೆ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಅದರಲ್ಲಿರುತ್ತದೆ. ಎರಡು ಬ್ಯಾಂಕುಗಳನ್ನು ಹೋಲಿಸಬೇಕಾದ್ದು ಆ ಅಂಕಿಯಿಂದ.

ಮುಂಗಡ ಕೊಡುವ ಮೊದಲು, ಸಾಲ ಮಂಜೂರಾಗದಿದ್ದರೆ ಆ ಹಣ ಹಿಂದಿರುಗಿಸಬೇಕೆಂಬ ಷರತ್ತನ್ನು ಕರಾರಿನಲ್ಲಿ ಬರೆಸಿಕೊಳ್ಳಿ.