ಒಂದು ‘ಎಚ್’, ಒಂದು ಓರೆಗೀಟು, ಮೂರು ಅಕ್ಷರ

ಜರ್ಮನಿಯಲ್ಲಿ ಎಂ.ಎಸ್. ಓದಲು ಹೊರಟ ಹುಡುಗಿ ಶ್ವೇತಾ. ವೀಸಾ ಬೇಕೆಂದರೆ ಅಲ್ಲಿನ ‘ಬ್ಲಾಕ್ಡ್ ಅಕೌಂಟ್’ ಎಂಬ ಖಾತೆಯಲ್ಲಿ ಒಂದು ವರ್ಷದ ಖರ್ಚಿನ ಹಣ ಮೊದಲೇ ಇಟ್ಟಿರಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ, ಅಂದರೆ ತಿಂಗಳಿಗೆ 992. ಅವಳ ತಂದೆ 2025ರ ಅಕ್ಟೋಬರ್‌ನಲ್ಲಿ ಒಂದು ಸೋಮವಾರ ಶಿರಸಿಯ ಬ್ಯಾಂಕಿಗೆ ಹೋಗಿ ಎ2 ಫಾರಂ ತುಂಬುತ್ತಾರೆ. “ಎಲ್ಲ ಸರಿ ಇದ್ಯಾ ನೋಡ್ಕೊಳ್ಳಿ ಹೆಗಡೆಯವ್ರೇ” ಎಂದು ಕೌಂಟರಿನವರು ಒಂದು ಪ್ರಿಂಟು ಮುಂದಿಡುತ್ತಾರೆ. ಅವರು ಮೊತ್ತ ನೋಡಿ, ತಲೆಯಾಡಿಸಿ, ಸಹಿ ಹಾಕುತ್ತಾರೆ.

ಈ ತಂದೆ-ಮಗಳು ಕಲ್ಪಿತರು. ಆ ಪ್ರಿಂಟಿನಲ್ಲಿರುವ ತಪ್ಪುಗಳು ಮಾತ್ರ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದವರಿಗೆ ದಿನನಿತ್ಯದ ಪರಿಚಯ.

```
:32A:251013EUR11904,00
:50K:RAMESH HEGDE
SIRSI KARNATAKA INDIA
:59:DE89370400440523013000
SHWETA R HEGDE
:71A:SHA
```

ಇದು ಎಂಟಿ103 ಎಂಬ ಸ್ವಿಫ್ಟ್ ಸಂದೇಶದ ಒಂದು ತುಣುಕು. ಸ್ವಿಫ್ಟ್ ಹಣ ಸಾಗಿಸುವ ಸಂಸ್ಥೆ ಎಂದು ಅನೇಕರು ತಿಳಿದಿದ್ದಾರೆ. ಬೆಲ್ಜಿಯಂನಲ್ಲಿ ಕೇಂದ್ರ ಕಚೇರಿ ಇರುವ ಈ ಸಂಸ್ಥೆ 1973ರಲ್ಲಿ ಹುಟ್ಟಿದ್ದು ಬ್ಯಾಂಕುಗಳ ನಡುವೆ ಕಾಗದ ಮುಟ್ಟಿಸುವ ಅಂಚೆಯಣ್ಣನಾಗಿ. ಹಣ ಬ್ಯಾಂಕುಗಳ ಖಾತೆಗಳಲ್ಲೇ ಏರಿಳಿಯುತ್ತದೆ. ಕಾಗದದ ಅಳತೆ, ಆಕಾರ ಸರಿಯಿದೆಯೇ ಎಂದು ಸ್ವಿಫ್ಟ್ ನೋಡುತ್ತದೆ. ಒಳಗೆ ಬರೆದ ಹೆಸರು ನಿಜವಾಗಿ ಯಾರದು ಎಂದು ನೋಡುವ ಕೆಲಸ ಅದರದ್ದಲ್ಲ.

ಮೊದಲು 32ಎ. ತಾರೀಖು, ಕರೆನ್ಸಿ, ಮೊತ್ತ ಮೂರೂ ಒಂದೇ ಸಾಲಿನಲ್ಲಿ ಅಂಟಿಕೊಂಡಿವೆ. ತಾರೀಖಿನಲ್ಲಿ ವರ್ಷ ಮುಂದೆ, ದಿನ ಕೊನೆಗೆ. ಮೊತ್ತದಲ್ಲಿರುವ ಅಲ್ಪವಿರಾಮ ನಮ್ಮ ಸಾವಿರದ ಗುರುತಲ್ಲ, ಅದು ದಶಮಾಂಶದ ಚುಕ್ಕಿ. ಇಲ್ಲಿ ತಪ್ಪಿಲ್ಲ.

59ನೆಯ ಸಾಲು ಹಣ ಪಡೆಯುವವರದು, ಇಡೀ ಸಂದೇಶದ ಜೀವ ಇರುವುದೇ ಇಲ್ಲಿ. ಖಾತೆ ಸಂಖ್ಯೆಯ ಮುಂದೆ ಒಂದು ಓರೆಗೀಟು ಇರಬೇಕು, `:59:/DE89...` ಎಂಬಂತೆ. ಅದಿಲ್ಲದಿದ್ದರೆ ಯಂತ್ರಕ್ಕೆ ಅದು ಖಾತೆಯಲ್ಲ, ಹೆಸರಿನ ಮೊದಲ ಸಾಲು. ಈಗಿನ ಬ್ಯಾಂಕ್ ತಂತ್ರಾಂಶಗಳು ಓರೆಗೀಟನ್ನು ತಾವೇ ಹಾಕಿಕೊಳ್ಳುತ್ತವೆ. ಆದರೆ ಖಾತೆ ಸಂಖ್ಯೆಯನ್ನು ಹೆಸರಿನ ಚೌಕದಲ್ಲಿ ತುಂಬಿಬಿಟ್ಟರೆ ತಂತ್ರಾಂಶವಾದರೂ ಏನು ಮಾಡೀತು?

ಆ ಖಾತೆ ಸಂಖ್ಯೆಯೂ ಸರಿಯಿಲ್ಲ. ಜರ್ಮನಿಯ ಖಾತೆಗೆ ‘ಐಬಾನ್’ ಎನ್ನುತ್ತಾರೆ. ಅದರಲ್ಲಿ ಒಟ್ಟು 22 ಅಕ್ಷರ, `DE` ಬಿಟ್ಟರೆ ಉಳಿದದ್ದೆಲ್ಲ ಅಂಕಿ. ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ‘ಓ’ ಬಿದ್ದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಐಬಾನ್‌ನ ನಿಜವಾದ ಜಾಣತನ ಇರುವುದು `DE` ಪಕ್ಕದ ಎರಡು ಅಂಕಿಗಳಲ್ಲಿ. ಸಂಖ್ಯೆಯ ಮೊದಲ ನಾಲ್ಕು ಅಕ್ಷರಗಳನ್ನು ಕೊನೆಗೆ ಸರಿಸಿ, D ಇದ್ದಲ್ಲಿ 13, E ಇದ್ದಲ್ಲಿ 14 ಬರೆದು, ಬಂದ ಉದ್ದನೆಯ ಸಂಖ್ಯೆಯನ್ನು 97ರಿಂದ ಭಾಗಿಸಬೇಕು. ಶೇಷ 1 ಬಂದರೆ ಸರಿ, ಬೇರೇನು ಬಂದರೂ ತಪ್ಪು. ಪುಸ್ತಕಗಳಲ್ಲಿ ಮಾದರಿಯಾಗಿ ಕೊಡುವ ಐಬಾನ್ ಒಂದನ್ನೇ ತೆಗೆದುಕೊಳ್ಳಿ:

```
DE89370400440532013000
370400440532013000131489 ÷ 97, ಶೇಷ 1
```

ಶ್ವೇತಾಳ ತಂದೆಗೆ ಬೇಕಾಗಿದ್ದದ್ದು ಈ ಸಂಖ್ಯೆ ಎಂದುಕೊಳ್ಳಿ. ಪ್ರಿಂಟಿನಲ್ಲಿ ನಡುವಿನ `32` ತಿರುಗಿ `23` ಆಗಿದೆ. ಅದನ್ನು ಭಾಗಿಸಿದರೆ ಶೇಷ 36. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾಗುವುದು ಕೈಬರಹ ನೋಡಿ ಟೈಪ್ ಮಾಡುವಾಗ ಆಗುವ ಮಾಮೂಲಿ ತಪ್ಪು. ಒಂದೇ ಅಂಕಿ ತಪ್ಪಿದರೂ, ಪಕ್ಕದ ಎರಡು ಅಂಕಿ ಅದಲುಬದಲಾದರೂ ಈ ಜರಡಿ ಹಿಡಿಯುತ್ತದೆ. ಅದು ಹಿಡಿಯದೇ ಇರುವುದು ಇನ್ನೊಂದು: ಪೂರ್ತಿ ಸರಿಯಾದ, ಆದರೆ ಬೇರೆಯವರ ಐಬಾನ್. ಲೆಕ್ಕ ಕೂಡಿದೆ ಎಂದ ಮಾತ್ರಕ್ಕೆ ಖಾತೆ ಅವಳದೇ ಎಂದಾಗಲಿಲ್ಲ. ಇನ್ನು ಹಣ ಅತ್ತಣಿಂದ ಇತ್ತ ಬರುವಾಗ ಈ ಜರಡಿಯೂ ಇಲ್ಲ. ಭಾರತದಲ್ಲಿ ಐಬಾನ್ ಪದ್ಧತಿ ಬಂದಿಲ್ಲ, ಖಾತೆ ಸಂಖ್ಯೆಯ ಉದ್ದವೂ ಬ್ಯಾಂಕಿಗೊಂದು ಬಗೆ.

ಹಾಗಾಗಿ ಹೆಸರಿನ ಸಾಲಿಗೆ ತೂಕ ಬರುತ್ತದೆ. ನಮ್ಮ ಹೆಸರುಗಳು ತೊಂದರೆ ಕೊಡುವುದೂ ಅಲ್ಲೇ. ‘ತ’ ಅಕ್ಷರಕ್ಕೆ ದಕ್ಷಿಣದವರು ರೂಢಿಯಾಗಿ `TH` ಬರೆಯುತ್ತಾರೆ, ಉತ್ತರದವರು `T` ಬರೆಯುತ್ತಾರೆ. ಹುಡುಗಿಯ ಪಾಸ್‌ಪೋರ್ಟಿನಲ್ಲಿ `SHWETHA RAMESH HEGDE` ಎಂದಿದೆ, ಜರ್ಮನಿಯಲ್ಲಿ ಖಾತೆ ತೆರೆದದ್ದೂ ಅದೇ ಹೆಸರಿನಲ್ಲಿ. ಪ್ರಿಂಟಿನಲ್ಲಿ ‘ಎಚ್’ ಹಾರಿದೆ, ರಮೇಶ ಕುಗ್ಗಿ ‘ಆರ್’ ಆಗಿದ್ದಾನೆ. ಇನಿಶಿಯಲ್ ಎಂದರೆ ಅಪ್ಪನದೋ ಊರಿನದೋ ಹೆಸರು ಎಂಬುದು ಶಿರಸಿಯಲ್ಲಿ ಎಲ್ಲರಿಗೂ ಗೊತ್ತು. ಜರ್ಮನಿಯ ಗುಮಾಸ್ತನಿಗೆ ಗೊತ್ತಿರಬೇಕಾಗಿಲ್ಲ. ಅವನಿಗೆ ಅನುಮಾನ ಬಂದರೆ ಹಣ ತಡೆಹಿಡಿದು ಶಿರಸಿಯ ಬ್ಯಾಂಕಿಗೆ ಪ್ರಶ್ನೆ ಕಳಿಸಬಹುದು, ಇಲ್ಲವೇ ವಾಪಸ್ಸೇ ಕಳಿಸಬಹುದು. ವಾಪಸ್ ಬಂದ ಯೂರೋ ಮತ್ತೆ ರೂಪಾಯಿ ಆಗುವಷ್ಟರಲ್ಲಿ ಶುಲ್ಕವೂ ವಿನಿಮಯ ದರದ ವ್ಯತ್ಯಾಸವೂ ಸೇರಿ ಸಾಕಷ್ಟು ಸವೆದಿರುತ್ತದೆ. ಕಂಪನಿಗಳಿಗೆ ಹಣ ಕಳಿಸುವವರಿಗೆ ಇನ್ನೊಂದು ತೊಡಕು: ಈ ಸಂದೇಶದಲ್ಲಿ `&` ಗುರುತಿಗೆ ಪ್ರವೇಶವಿಲ್ಲ, `AND` ಎಂದೇ ಬರೆಯಬೇಕು. ಹೆಸರು, ವಿಳಾಸಕ್ಕೆ ಸಾಲಿಗೆ 35 ಅಕ್ಷರದಂತೆ ನಾಲ್ಕೇ ಸಾಲು.

ಕೊನೆಯದು 71ಎ. ಮೂರೇ ಅಕ್ಷರ, ಆದರೆ ಈ ಪ್ರಕರಣದಲ್ಲಿ ಹೆಚ್ಚು ನಷ್ಟ ಮಾಡಬಲ್ಲದ್ದು ಇದೇ. `OUR` ಎಂದರೆ ಎಲ್ಲ ಶುಲ್ಕ ಕಳಿಸುವವರದು. `BEN` ಎಂದರೆ ಎಲ್ಲ ಪಡೆಯುವವರದು. `SHA` ಎಂದರೆ ತಮ್ಮ ಬ್ಯಾಂಕಿನ ಶುಲ್ಕ ತಂದೆ ಕೊಡುತ್ತಾರೆ, ದಾರಿಯ ಮಧ್ಯದ ಬ್ಯಾಂಕಿನದೂ ಆಚೆಯ ಬ್ಯಾಂಕಿನದೂ ಸಾಗುತ್ತಿರುವ ಹಣದಿಂದಲೇ ಕಡಿತ. ಮಧ್ಯದ ಬ್ಯಾಂಕು 15 ಯೂರೋ ಹಿಡಿಯಿತು ಎಂದುಕೊಳ್ಳೋಣ. ಅದು ಮುಂದೆ ಕಳಿಸುವ ಸಂದೇಶದಲ್ಲಿ ಹೀಗಿರುತ್ತದೆ:

```
:32A:251013EUR11889,00
:33B:EUR11904,00
:71A:SHA
:71F:EUR15,00
```

33ಬಿ ಎಂದರೆ ತಂದೆ ಕಳಿಸಿ ಎಂದ ಮೊತ್ತ, 71ಎಫ್ ದಾರಿಯಲ್ಲಿ ಕಡಿದದ್ದು, 32ಎ ಉಳಿದದ್ದು. ಕರೆನ್ಸಿ ಬದಲಾಗದಿದ್ದರೆ ಈ ಮೂರರ ಲೆಕ್ಕ ಪೈಸೆಗೆ ಪೈಸೆ ಕೂಡಲೇಬೇಕು. `OUR` ಇರುವ ಸಂದೇಶದಲ್ಲಿ 71ಎಫ್ ಸಾಲೇ ಬರಕೂಡದು, `BEN` ಇದ್ದರೆ ಬರಲೇಬೇಕು. ಪರಿಣತರು ಸಂದೇಶ ನೋಡುವಾಗ ಕಣ್ಣು ಮೊದಲು ಹಾಯಿಸುವುದು ಈ ಜೋಡಿಯ ಮೇಲೆ. ಹದಿನೈದು ಯೂರೋ ಯಾವ ಮಹಾ ಎನಿಸಬಹುದು. ಆದರೆ ಪೂರ್ತಿ ಮೊತ್ತ ಸೇರುವವರೆಗೆ ಬ್ಲಾಕ್ಡ್ ಅಕೌಂಟಿನ ದೃಢೀಕರಣ ಪತ್ರ ಸಾಮಾನ್ಯವಾಗಿ ಸಿಗುವುದಿಲ್ಲ, ಪತ್ರವಿಲ್ಲದೆ ವೀಸಾ ಅರ್ಜಿ ಮುಂದೆ ಹೋಗುವುದಿಲ್ಲ. ಆ ಹದಿನೈದು ಯೂರೋ ತುಂಬಲು ಮತ್ತೊಂದು ಸ್ವಿಫ್ಟ್, ಮತ್ತೊಂದು ಶುಲ್ಕ.

2025ರ ನವೆಂಬರ್ 22ಕ್ಕೆ ಗಡಿಯಾಚೆಯ ಪಾವತಿಗಳಲ್ಲಿ ಎಂಟಿ103ರ ಕಾಲ ಮುಗಿಯಿತು. ಅದರ ಜಾಗಕ್ಕೆ `pacs.008` ಎಂಬ ಹೊಸ ಸಂದೇಶ ಬಂದಿದೆ. ಹೊಸದರಲ್ಲಿ `OUR` ಹೋಗಿ `DEBT`, `SHA` ಹೋಗಿ `SHAR`, `BEN` ಹೋಗಿ `CRED` ಆಗಿದೆ. ಈ `CRED` ಹಳಬರನ್ನು ಸ್ವಲ್ಪ ಎಡವಿಸುತ್ತದೆ. ಎಂಟಿ103ರ 23ಬಿ ಸಾಲಿನಲ್ಲಿ ಅದೇ ನಾಲ್ಕಕ್ಷರ ಇರುತ್ತಿತ್ತು, ಅಲ್ಲಿ ಅದಕ್ಕೆ ಮಾಮೂಲಿ ಜಮಾ ಎಂದಷ್ಟೇ ಅರ್ಥ. ಶುಲ್ಕಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ವಿದೇಶಕ್ಕೆ ಹಣ ಕಳಿಸುವ ದಿನ ಮಗಳ ಪಾಸ್‌ಪೋರ್ಟಿನ ನಕಲನ್ನೂ ಖಾತೆಯ ವಿವರವಿರುವ ಇ-ಮೇಲ್‌ನ ಪ್ರಿಂಟನ್ನೂ ಜೊತೆಗೊಯ್ಯಿರಿ. ಕೌಂಟರಿನವರು ಕೊಟ್ಟ ಹಾಳೆಯನ್ನು ಅವೆರಡರ ಪಕ್ಕ ಇಟ್ಟು ಖಾತೆ ಸಂಖ್ಯೆಯನ್ನು ನಾಲ್ಕು ನಾಲ್ಕು ಅಂಕಿಯಾಗಿ, ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ಶುಲ್ಕದ ಚೌಕ ಖಾಲಿ ಇದ್ದರೆ ಸಹಿ ಹಾಕಬೇಡಿ. ಹಣ ಹೋದ ಮೇಲೆ 36 ಅಕ್ಷರದ ಯುಇಟಿಆರ್ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಹಣ ಯಾವ ಬ್ಯಾಂಕಿನಲ್ಲಿ ನಿಂತಿದೆ ಎಂದು ನಿಮ್ಮ ಬ್ಯಾಂಕು ಹುಡುಕುವುದು ಅದರ ಮೇಲೆಯೇ.