ನಕ್ಷೆ ನೆಲದಿಂದ ಎಷ್ಟು ಮೀಟರ್ ಸರಿದಿದೆ?

ಉಪಗ್ರಹ ಚಿತ್ರವನ್ನು ಪರದೆಯ ಮೇಲಿಟ್ಟು ರಸ್ತೆ, ಮನೆ, ಮೋರಿ, ಕೆರೆಗಳಿಗೆ ಗೆರೆ ಎಳೆಯುತ್ತಾ ಹೋದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಅಂದವಾದ ನಕ್ಷೆಯೊಂದು ಸಿದ್ಧವಾಗುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಂಥ ಸಾರ್ವಜನಿಕ ನಕ್ಷೆಗಳಲ್ಲಿ ಹೆಚ್ಚಿನ ಕೆಲಸ ನಡೆಯುವುದು ಹೀಗೆಯೇ. ಆದರೆ ಕೆಳಗಿಟ್ಟ ಚಿತ್ರವೇ ಎರಡು ಮೀಟರ್ ಪೂರ್ವಕ್ಕೆ ಸರಿದು ಕೂತಿದ್ದರೆ ಅದರ ಮೇಲೆ ಎಳೆದ ಗೆರೆಗಳೆಲ್ಲ ಅಷ್ಟೇ ಸರಿದಿರುತ್ತವೆ. ಮನೆ ರಸ್ತೆಯ ಪಕ್ಕದಲ್ಲೇ ಇರುತ್ತದೆ, ಮೋರಿ ತೋಡಿನ ಮೇಲೇ ಇರುತ್ತದೆ. ನಕ್ಷೆಯನ್ನು ಎಷ್ಟು ಹೊತ್ತು ನೋಡಿದರೂ ತಪ್ಪು ಕಾಣುವುದಿಲ್ಲ. ಅದನ್ನು ಹಿಡಿಯಬೇಕಾದರೆ ನೆಲದ ಮೇಲೆ ಕೆಲವು ಬಿಂದುಗಳನ್ನು ನಕ್ಷೆಗಿಂತ ಹೆಚ್ಚು ನಿಖರವಾಗಿ ಅಳೆದು ಹೋಲಿಸಬೇಕು. ಇವು ಚೆಕ್‌ಪಾಯಿಂಟ್‌ಗಳು.

ಈ ಹೋಲಿಕೆ ನಮ್ಮ ಕರಾವಳಿಗೆ ಹೊಸದಲ್ಲ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಬಳಿ ಆಧಾರರೇಖೆ ಅಳೆದು, ತ್ರಿಕೋನಗಳ ಸಾಲನ್ನು ಪಶ್ಚಿಮಕ್ಕೆ ಒಯ್ದು ಮಂಗಳೂರಿನ ಕಡಲತೀರ ಮುಟ್ಟಿಸಿದಾಗ, ಹಳೆಯ ನಕ್ಷೆಗಳಲ್ಲಿ ಸುಮಾರು 400 ಮೈಲಿ ಇದ್ದ ಪರ್ಯಾಯದ್ವೀಪದ ಅಗಲ ನಿಜಕ್ಕೂ 360 ಮೈಲಿಯಷ್ಟೇ ಎಂದು ತಿಳಿಯಿತು. ಈಗ ನಾವು ಹುಡುಕುತ್ತಿರುವುದು ಮೀಟರುಗಳ ತಪ್ಪು. ದಾರಿ ಮಾತ್ರ ಅದೇ: ಅಳೆದದ್ದನ್ನು ಬರೆದದ್ದರ ಪಕ್ಕ ಇಡುವುದು.

ಬಿಂದುವಿನ ಆಯ್ಕೆಯಲ್ಲೇ ಅರ್ಧ ಕೆಲಸ ಅಡಗಿದೆ. ಚಿತ್ರದಲ್ಲೂ ನೆಲದಲ್ಲೂ ಒಂದೇ ಜಾಗ ಎಂದು ಸಂಶಯವಿಲ್ಲದೆ ಬೆರಳಿಟ್ಟು ತೋರಿಸುವಂತಿರಬೇಕು, ಮತ್ತು ಅದು ನೆಲಮಟ್ಟದಲ್ಲಿರಬೇಕು. ಕಾಂಕ್ರೀಟ್ ರಸ್ತೆ ಡಾಂಬರು ರಸ್ತೆಯನ್ನು ಕೂಡುವ ಮೂಲೆ, ಮೋರಿಯ ತಗ್ಗು ಕಟ್ಟೆಯ ತುದಿ, ದೇವಸ್ಥಾನದ ಕೆರೆಯ ಕಲ್ಲುಕಟ್ಟಿನ ಮೂಲೆ ಒಳ್ಳೆಯವು. ಹಂಚಿನ ಮನೆಯ ಮಾಡಿನ ಮೂಲೆ ಬೇಡ. ಮಾಡು ಗೋಡೆಯಿಂದ ಹೊರಗೆ ಚಾಚಿರುತ್ತದೆ, ಜೊತೆಗೆ ಓರೆಯಾಗಿ ತೆಗೆದ ಚಿತ್ರದಲ್ಲಿ ಎತ್ತರದ್ದೆಲ್ಲ ಒಂದು ಬದಿಗೆ ವಾಲಿ ಕಾಣುತ್ತದೆ. ನೇತ್ರಾವತಿಯ ನೀರಿನ ಅಂಚೂ ಬೇಡ, ಮಳೆಗಾಲಕ್ಕೂ ಬೇಸಗೆಗೂ ಅದು ಬೇರೆಬೇರೆ ಜಾಗದಲ್ಲಿರುತ್ತದೆ. ಅಡಿಕೆ ತೋಟದ ಬೇಲಿ ಮೇಲಿನಿಂದ ಕಾಣುವುದೇ ಇಲ್ಲ. ಕಂಡರೂ ಸೋಗೆಯ ಕೆಳಗೆ ಉಪಗ್ರಹ ಸಂಕೇತ ಸರಿಯಾಗಿ ಸಿಗುವುದಿಲ್ಲ.

ಎಷ್ಟು ಬಿಂದುಗಳು ಬೇಕು? ಅಮೆರಿಕದ 1998ರ ರಾಷ್ಟ್ರೀಯ ಮಾನದಂಡ ಕನಿಷ್ಠ 20 ಎಂದಿತು, ಇಂದಿಗೂ ಹಲವರು ಅದನ್ನೇ ಹಿಡಿಯುತ್ತಾರೆ. ಅಲ್ಲಿನ ಫೋಟೋಗ್ರಾಮೆಟ್ರಿ ಸಂಘ ಎಎಸ್‌ಪಿಆರ್‌ಎಸ್ 2023ರಲ್ಲಿ ಅದನ್ನು 30ಕ್ಕೆ ಏರಿಸಿತು. ನನ್ನ ಪ್ರಕಾರ ನಮ್ಮ ಕಡೆ ಲೆಕ್ಕಕ್ಕಿಂತ ಹರಡುವಿಕೆ ಮುಖ್ಯ. ಬಿ.ಸಿ.ರೋಡಿನಿಂದ ಉಜಿರೆಯವರೆಗೆ ಹೆದ್ದಾರಿಯ ಪಕ್ಕದಲ್ಲೇ 30 ಬಿಂದು ಹಿಡಿದರೆ ಕೆಲಸ ಒಂದೇ ದಿನದಲ್ಲಿ ಮುಗಿಯಬಹುದು, ಆದರೆ ಆ ಉತ್ತರ ಹೆದ್ದಾರಿಗೆ ಮಾತ್ರ ಸೇರಿದ್ದು. ಘಟ್ಟದ ಬುಡದ ಗ್ರಾಮಗಳ ಬಗ್ಗೆ ಅದು ಏನೂ ಹೇಳುವುದಿಲ್ಲ. ಪ್ರದೇಶವನ್ನು ನಾಲ್ಕು ಭಾಗ ಮಾಡಿ, ಪ್ರತಿ ಭಾಗದಲ್ಲೂ ಒಟ್ಟು ಬಿಂದುಗಳ ಐದನೇ ಒಂದರಷ್ಟಾದರೂ ಬರುವಂತೆ ನೋಡಿಕೊಳ್ಳಬೇಕು. ಚಿತ್ರವನ್ನು ನೆಲಕ್ಕೆ ಹೊಂದಿಸಲು ಮೊದಲೇ ಬಳಸಿದ ಬಿಂದುಗಳನ್ನು ಮತ್ತೆ ಪರೀಕ್ಷೆಗೆ ತರುವಂತಿಲ್ಲ. ಅವುಗಳ ಮೇಲೆ ಚಿತ್ರ ಸರಿಯಾಗಿ ಕೂರಲೇಬೇಕು, ಕೂರಿಸಿದ್ದೇ ಹಾಗೆ.

ಇನ್ನು ಅಳತೆ. ಮೊಬೈಲಿನ ಜಿಪಿಎಸ್ ಬಯಲಿನಲ್ಲಿ ಐದು ಮೀಟರಿನಷ್ಟು ಆಚೀಚೆ ಆಗುತ್ತದೆ, ಮರಗಳ ನಡುವೆ ಇನ್ನೂ ಹೆಚ್ಚು. ಎರಡು ಮೂರು ಮೀಟರಿನ ತಪ್ಪು ಹುಡುಕಲು ಅದು ಸಾಲದು. ಸರ್ವೇ ಆಫ್ ಇಂಡಿಯಾದ ಸಿಒಆರ್‌ಎಸ್ ಸ್ಥಿರ ಕೇಂದ್ರಗಳ ಜಾಲ ಕರ್ನಾಟಕದಲ್ಲಿದೆ. ಅದರಿಂದ ತಿದ್ದುಪಡಿ ಪಡೆಯುವ ಆರ್‌ಟಿಕೆ ಉಪಕರಣ ಕೆಲವೇ ಸೆಂಟಿಮೀಟರ್‌ಗಳ ನಿಖರತೆ ಕೊಡುತ್ತದೆ. ಪರದೆಯಲ್ಲಿ `FIX` ಎಂದಿರುವಾಗಲೇ ದಾಖಲಿಸಬೇಕು. `FLOAT` ಎಂದು ತೋರಿಸುತ್ತಿದ್ದರೆ ತಪ್ಪು ಡೆಸಿಮೀಟರುಗಳಿಗೆ, ಮರದಡಿಯಲ್ಲಾದರೆ ಮೀಟರಿಗೂ ಹೋಗಬಹುದು.

ನಕ್ಷೆಯದೂ ನೆಲದ್ದೂ ಒಂದೇ ನಿರ್ದೇಶಾಂಕ ಪದ್ಧತಿಯಲ್ಲಿರಬೇಕು. ಈ ಮೂರೂ ತಾಲ್ಲೂಕು ಯುಟಿಎಂ ವಲಯ 43ರಲ್ಲಿವೆ, ತಂತ್ರಾಂಶದಲ್ಲಿ `EPSG:32643`. ಈ ವಲಯದ ನಡುರೇಖೆ 75 ಡಿಗ್ರಿ ಪೂರ್ವ ರೇಖಾಂಶ, ಅದು ಮೂಡುಬಿದಿರೆಯ ಬಳಿಯಲ್ಲೇ ಹಾದುಹೋಗುತ್ತದೆ. ನಡುರೇಖೆಗೆ ಕೊಟ್ಟ ಈಸ್ಟಿಂಗ್ 5,00,000 ಮೀಟರ್. ಹಾಗಾಗಿ ಮೂಡುಬಿದಿರೆ ಪೇಟೆಯ ಬಿಂದುವಿನ ಈಸ್ಟಿಂಗ್ ಐದು ಲಕ್ಷದ ಆಸುಪಾಸಿನಲ್ಲೂ ಬೆಳ್ತಂಗಡಿಯದು 5,29,000ದ ಆಸುಪಾಸಿನಲ್ಲೂ ಇರಬೇಕು. ಇಲ್ಲದಿದ್ದರೆ ವಲಯವನ್ನೇ ತಪ್ಪಾಗಿ ಆರಿಸಿದ್ದೀರಿ. ಹಳೆಯ ಸರ್ವೇ ಹಾಳೆಗಳು ಎವರೆಸ್ಟ್ ಗೋಳಾಭವನ್ನು ಆಧರಿಸಿದವು. ಅವುಗಳಿಂದ ತೆಗೆದ ಅಕ್ಷಾಂಶ-ರೇಖಾಂಶವನ್ನು ಪರಿವರ್ತಿಸದೆ ಡಬ್ಲ್ಯುಜಿಎಸ್ 84ರ ಜೊತೆ ಹೋಲಿಸಿದರೆ ನೂರು ಮೀಟರಿಗೂ ಮೀರಿದ ಅಂತರ ಬರುತ್ತದೆ. ಎಲ್ಲ ಬಿಂದುಗಳೂ ಒಂದೇ ದಿಕ್ಕಿಗೆ ಅಷ್ಟು ದೂರ ಸರಿದಿದ್ದರೆ ಮೊದಲು ಸಂಶಯಪಡಬೇಕಾದದ್ದು ಇದನ್ನೇ.

ಈಗ ಲೆಕ್ಕಕ್ಕೆ ಬರೋಣ. ನಿಜವಾದ ಪರೀಕ್ಷೆಗೆ ಆರು ಬಿಂದು ಸಾಲದು, ಆದರೆ ಲೆಕ್ಕ ತೋರಿಸಲು ಸಾಕು. ಕೆಳಗಿನ ಅಂಕಿಗಳು ಉದಾಹರಣೆಗಾಗಿ ನಾನೇ ಇಟ್ಟುಕೊಂಡವು. ಪ್ರತಿ ಬಿಂದುವಿನಲ್ಲೂ ನಕ್ಷೆಯ ಮೌಲ್ಯದಿಂದ ನೆಲದ ಮೌಲ್ಯವನ್ನು ಕಳೆದಿದೆ. `dE` ಪೂರ್ವ-ಪಶ್ಚಿಮದ ವ್ಯತ್ಯಾಸ, `dN` ಉತ್ತರ-ದಕ್ಷಿಣದ್ದು, ಎರಡೂ ಮೀಟರಿನಲ್ಲಿ.

```
                   dE     dN
ಬಿ.ಸಿ.ರೋಡ್         2.0   -1.0
ಪಾಣೆಮಂಗಳೂರು       2.5   -1.5
ಮೂಡುಬಿದಿರೆ 1       1.5   -0.5
ಮೂಡುಬಿದಿರೆ 2       2.0   -1.0
ಉಜಿರೆ              3.0   -1.0
ಚಾರ್ಮಾಡಿ ಬುಡ       7.0   -4.0
```

ಪ್ರತಿ ವ್ಯತ್ಯಾಸದ ವರ್ಗ ಮಾಡಿ, ಕೂಡಿಸಿ, ಬಿಂದುಗಳ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆದರೆ ಆ ದಿಕ್ಕಿನ ಆರ್‌ಎಂಎಸ್‌ಇ ಸಿಗುತ್ತದೆ. ವರ್ಗ ಮಾಡುವುದರಿಂದ ಕೂಡು ಕಳೆ ಚಿಹ್ನೆಗಳು ಒಂದನ್ನೊಂದು ಹೊಡೆದುಹಾಕುವುದಿಲ್ಲ, ದೊಡ್ಡ ತಪ್ಪಿಗೆ ಹೆಚ್ಚು ತೂಕವೂ ಬರುತ್ತದೆ. ಸ್ಪ್ರೆಡ್‌ಶೀಟಿನಲ್ಲಿ ಒಂದೇ ಸಾಲು ಸಾಕು:

```
=SQRT(SUMSQ(B2:B7)/COUNT(B2:B7))
```

`dE` ವರ್ಗಗಳ ಮೊತ್ತ 74.5, ಆರರಿಂದ ಭಾಗಿಸಿ ಮೂಲ ತೆಗೆದರೆ 3.52 ಮೀಟರ್. `dN` ಮೊತ್ತ 21.5, ಅದರಿಂದ 1.89 ಮೀಟರ್. ಎರಡರ ವರ್ಗಗಳನ್ನೂ ಕೂಡಿಸಿ ಮೂಲ ತೆಗೆದರೆ ಸಮತಲದ ಒಟ್ಟು ಆರ್‌ಎಂಎಸ್‌ಇ 4.0 ಮೀಟರ್. ಅನೇಕ ವರದಿಗಳು ಇಲ್ಲಿಗೇ ನಿಲ್ಲುತ್ತವೆ. ಕೆಲವರು ಇದನ್ನು 1.7308ರಿಂದ ಗುಣಿಸಿ, ಶೇ 95ರಷ್ಟು ಬಿಂದುಗಳು 6.9 ಮೀಟರಿನೊಳಗೆ ಇರುತ್ತವೆ ಎಂದೂ ಬರೆಯುತ್ತಾರೆ. ತಪ್ಪುಗಳು ಎಲ್ಲ ದಿಕ್ಕಿಗೂ ಸಮನಾಗಿ ಚೆದುರಿದ್ದರೆ ಮಾತ್ರ ಆ ಗುಣಕ ಸಲ್ಲುತ್ತದೆ. ಇಲ್ಲಿ ಅವು ಹಾಗಿಲ್ಲವೆಂದು ಪಟ್ಟಿಯನ್ನು ನೋಡಿದರೇ ಗೊತ್ತಾಗುತ್ತದೆ.

ಎಲ್ಲ `dE` ಕೂಡು, ಎಲ್ಲ `dN` ಕಳೆ. ಅಂದರೆ ನಕ್ಷೆ ಒಟ್ಟಾಗಿ ಆಗ್ನೇಯಕ್ಕೆ ಸರಿದಿದೆ. ಚಾರ್ಮಾಡಿಯ ಬಿಂದುವೊಂದು ಉಳಿದವುಗಳಿಂದ ದೂರ ನಿಂತಿದೆ. ಸ್ವಲ್ಪ ಹೊತ್ತು ಅದನ್ನು ಬದಿಗಿಟ್ಟು ಐದನ್ನೇ ಲೆಕ್ಕಹಾಕಿದರೆ ಒಟ್ಟು ಆರ್‌ಎಂಎಸ್‌ಇ 2.5 ಮೀಟರಿಗೆ ಇಳಿಯುತ್ತದೆ. ಈ ಐದರ ಸರಾಸರಿ ಪೂರ್ವಕ್ಕೆ 2.2, ದಕ್ಷಿಣಕ್ಕೆ 1.0 ಮೀಟರ್. ಅಷ್ಟನ್ನು ಪ್ರತಿ ಬಿಂದುವಿನಿಂದ ಕಳೆದು ಮತ್ತೆ ಲೆಕ್ಕ ಮಾಡಿದರೆ ಉಳಿಯುವುದು 0.6 ಮೀಟರ್ ಮಾತ್ರ. ಗೆರೆ ಎಳೆದವರ ಕೈ ಚೆನ್ನಾಗಿಯೇ ಇತ್ತು, ಸರಿದದ್ದು ಕೆಳಗಿನ ಚಿತ್ರ. 4.0 ಎಂಬ ಒಂದೇ ಅಂಕಿಯೊಳಗೆ ಮೂರು ಬೇರೆ ಸಂಗತಿಗಳು ಸೇರಿಕೊಂಡಿದ್ದವು: ಇಡೀ ನಕ್ಷೆಯ ಸರಿತ, ಕೈಯ ಸಣ್ಣ ಚೆದುರು, ಒಂದು ಜಾಗದ ವಿಶೇಷ ತಪ್ಪು. ಮೂರಕ್ಕೂ ಮದ್ದು ಬೇರೆಬೇರೆ. ಅದಕ್ಕೇ ವರ್ಗ ಮಾಡುವ ಮೊದಲು ಚಿಹ್ನೆಸಹಿತ ವ್ಯತ್ಯಾಸಗಳನ್ನು ನೋಡಿ ಎನ್ನುತ್ತೇನೆ. ಪ್ರತಿ ಬಿಂದುವಿನ ವ್ಯತ್ಯಾಸಕ್ಕೂ ಒಂದು ಬಾಣ ಬರೆದು ನಕ್ಷೆಯ ಮೇಲೇ ಇಟ್ಟರೆ ಇನ್ನೂ ಒಳ್ಳೆಯದು. ಉಪಗ್ರಹ ಚಿತ್ರಗಳು ಬೇರೆಬೇರೆ ದಿನದ ತುಂಡುಗಳನ್ನು ಜೋಡಿಸಿದವು, ಜೋಡಣೆಯ ಆಚೀಚೆ ಬಾಣಗಳ ದಿಕ್ಕು ಬದಲಾಗುವುದುಂಟು. ಆಗ ಬಂಟ್ವಾಳಕ್ಕೊಂದು, ಮೂಡುಬಿದಿರೆಗೊಂದು ತಿದ್ದುಪಡಿ ಬೇಕಾಗುತ್ತದೆ.

ಬದಿಗಿಟ್ಟ ಬಿಂದುವನ್ನು ಹಾಗೆಯೇ ಕೈಬಿಡುವಂತಿಲ್ಲ. ದೊಡ್ಡ ತಪ್ಪನ್ನು ಪಟ್ಟಿಯಿಂದ ಅಳಿಸಿದರೆ ಆರ್‌ಎಂಎಸ್‌ಇ ಸುಂದರವಾಗುತ್ತದೆ, ನಕ್ಷೆ ಸುಧಾರಿಸುವುದಿಲ್ಲ. ಮೊದಲು ಬೇರೊಂದು ದಿನ, ಬೇರೊಂದು ಹೊತ್ತಿನಲ್ಲಿ ಅದೇ ಬಿಂದುವನ್ನು ಮತ್ತೆ ಅಳೆಯಬೇಕು. ಮೀಟರುಗಟ್ಟಲೆ ಬೇರೆ ಉತ್ತರ ಬಂದರೆ ಮರಗಳ ನಡುವಿನ ಅಳತೆಯೇ ಕೆಟ್ಟಿತ್ತು. ಹಳೆಯ ಉತ್ತರವೇ ಬಂದರೆ ಅದೇ ಇಳಿಜಾರಿನಲ್ಲಿ ಇನ್ನೂ ಮೂರು ನಾಲ್ಕು ಬಿಂದು ಹಿಡಿಯಬೇಕು. ಅವೂ ಅದೇ ದಿಕ್ಕಿಗೆ ಸರಿದಿದ್ದರೆ ದೋಷ ಚಿತ್ರದ್ದು.

ಘಟ್ಟದ ಬುಡದಲ್ಲಿ ಹೀಗಾಗಲು ಕಾರಣವಿದೆ. ಓರೆಯಾಗಿ ತೆಗೆದ ಚಿತ್ರವನ್ನು ನೇರ ಮಾಡಲು ನೆಲದ ಎತ್ತರದ ಮಾದರಿ ಬಳಸುತ್ತಾರೆ. ಆ ಮಾದರಿಯಲ್ಲಿ ಎತ್ತರ ತಪ್ಪಿದ್ದರೆ, ತಪ್ಪಿದ ಎತ್ತರವನ್ನು ಓರೆಯ ಕೋನದ ಟ್ಯಾಂಜೆಂಟಿನಿಂದ ಗುಣಿಸಿದಷ್ಟು ದೂರ ಬಿಂದು ಬದಿಗೆ ಸರಿಯುತ್ತದೆ. 20 ಡಿಗ್ರಿ ಓರೆಯಲ್ಲಿ 15 ಮೀಟರ್ ಎತ್ತರ ತಪ್ಪಿದರೆ ಸರಿತ ಸುಮಾರು 5.5 ಮೀಟರ್. ನಮ್ಮ ಉದಾಹರಣೆಯಲ್ಲಿ ಸಾಮಾನ್ಯ ಸರಿತ ಕಳೆದ ಮೇಲೆ ಚಾರ್ಮಾಡಿಯ ಬಿಂದುವಿಗೆ ಉಳಿಯುವುದೂ ಹೆಚ್ಚುಕಡಿಮೆ ಅಷ್ಟೇ, 5.7 ಮೀಟರ್. ಬಾಹ್ಯಾಕಾಶದಿಂದ ಅಳೆದ ಎತ್ತರದ ಮಾದರಿಗಳು ದಟ್ಟ ಕಾಡಿನಲ್ಲಿ ನೆಲದ ಬದಲು ಮರದ ತಲೆಯತ್ತ ವಾಲುತ್ತವೆ, ಹಾಗಾಗಿ 15 ಮೀಟರ್ ಅಲ್ಲಿ ಅಪರೂಪದ ತಪ್ಪಲ್ಲ. ಇಂಥ ಕಡೆ ಇಡೀ ನಕ್ಷೆಯನ್ನು ಸರಿಸಿ ಪ್ರಯೋಜನವಿಲ್ಲ. ಬಯಲಿನ ಭಾಗಕ್ಕೂ ಘಟ್ಟದ ಭಾಗಕ್ಕೂ ಬೇರೆಬೇರೆ ಆರ್‌ಎಂಎಸ್‌ಇ ಬರೆಯುವುದೇ ಸರಿಯಾದ ಕ್ರಮ.

ಈ ಅಂಕಿಯಿಂದ ಏನು ಮಾಡಬಹುದು, ಏನು ಮಾಡಬಾರದು ಎಂಬುದೂ ಸ್ಪಷ್ಟವಿರಬೇಕು. ಆಂಬುಲೆನ್ಸಿಗೆ ತೋಟದೊಳಗಿನ ಮನೆಯ ದಾರಿ ತೋರಿಸಲು 4 ಮೀಟರಿನ ನಕ್ಷೆ ಧಾರಾಳ ಸಾಕು. ಐದು ಸೆಂಟ್ಸ್ ಜಾಗ ಚೌಕವಾಗಿದ್ದರೆ ಅದರ ಒಂದು ಬದಿ 14 ಮೀಟರ್ ಚಿಲ್ಲರೆ. ಅಲ್ಲಿ 4 ಮೀಟರ್ ಎಂದರೆ ಕಾಲುಭಾಗಕ್ಕೂ ಹೆಚ್ಚು. ಗಡಿಯ ತಕರಾರಿಗೆ ಅಂಥ ನಕ್ಷೆಯನ್ನು ಹಿಡಿದುಕೊಂಡು ಹೋಗಬಾರದು.

ಸರಾಸರಿ ಸರಿತವನ್ನು ಕಂಡುಕೊಂಡು ನಕ್ಷೆಯನ್ನು 2.2 ಮೀಟರ್ ಪಶ್ಚಿಮಕ್ಕೆ, 1.0 ಮೀಟರ್ ಉತ್ತರಕ್ಕೆ ಸರಿಸಿದ ಮೇಲೆ 0.6 ಮೀಟರ್ ಎಂದು ವರದಿಯಲ್ಲಿ ಬರೆಯುವ ಆಸೆ ಬರುತ್ತದೆ. ಬರೆಯಬಾರದು. ಸರಿಸಲು ಬಳಸಿದ ಕ್ಷಣದಿಂದ ಆ ಐದು ಬಿಂದುಗಳು ಪರೀಕ್ಷೆಯ ಬಿಂದುಗಳಾಗಿ ಉಳಿಯುವುದಿಲ್ಲ. ಹೊಸ ಬಿಂದುಗಳನ್ನು ಅಳೆದು ಮತ್ತೆ ಲೆಕ್ಕ ಮಾಡಬೇಕು. ಇಲ್ಲವೇ ಮೊದಲ ದಿನವೇ ಅಳೆದವುಗಳಲ್ಲಿ ಅರ್ಧವನ್ನು ಯಾವುದಕ್ಕೂ ಮುಟ್ಟದೆ ಎತ್ತಿಟ್ಟಿರಬೇಕು. ವರದಿಯಲ್ಲಿ ಆರ್‌ಎಂಎಸ್‌ಇ ಪಕ್ಕದಲ್ಲಿ ಬಿಂದುಗಳ ಸಂಖ್ಯೆ, ಎರಡೂ ದಿಕ್ಕಿನ ಸರಾಸರಿ ಸರಿತ, ಅತಿ ದೊಡ್ಡ ತಪ್ಪು ಮತ್ತು ಅದು ಸಿಕ್ಕ ಜಾಗ, ಅಳೆದ ಉಪಕರಣ, ಚಿತ್ರದ ದಿನಾಂಕ ಇವಿಷ್ಟೂ ಇರಲಿ.